ಹೆಸರಿನಲ್ಲಿ ಬ್ಯಾಂಕ್ ಇದ್ದರೆ ಹಣಕ್ಕೆ ಬ್ಯಾಂಕ್ ಹೊಣೆಯೇ?

"ನಮ್ಮ ಬ್ಯಾಂಕಿನದೇ ಕಂಪನಿ ಸರ್, ಅದಕ್ಕೇ ಧೈರ್ಯವಾಗಿ ಹಾಕಿದೆ." ಹಣಕಾಸು ಸಲಹೆ ಕೇಳಿಕೊಂಡು ಬರುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮ್ಯೂಚುವಲ್ ಫಂಡ್ ಆಗಲಿ, ಜೀವ ವಿಮೆ ಆಗಲಿ, ಹೆಸರಿನ ಮೊದಲ ಪದ ಪರಿಚಯದ ಬ್ಯಾಂಕಿನದಾಗಿದ್ದರೆ ಮುಂದಿನದನ್ನು ಯಾರೂ ಓದುವುದಿಲ್ಲ. ಬ್ಯಾಂಕಿನ ಪಾಲು ಎಷ್ಟು, ಉಳಿದದ್ದು ಯಾರ ಕೈಯಲ್ಲಿದೆ ಎಂದು ಕೇಳಿದರೆ ಕೆಲವರು ಸುಮ್ಮನಾಗುತ್ತಾರೆ. ಇನ್ನು ಕೆಲವರು ಎಂದೋ ಪತ್ರಿಕೆಯಲ್ಲಿ ಓದಿದ ಅಂಕಿಯನ್ನು ಇಂದಿಗೂ ನಿಜವೆಂಬಂತೆ ಹೇಳುತ್ತಾರೆ.

ಮಾರಿದವರು, ಹೆಸರು ಕೊಟ್ಟವರು, ಷೇರು ಇಟ್ಟುಕೊಂಡವರು ಮೂವರೂ ಬೇರೆ ಬೇರೆ ಆಗಿರಬಹುದು. ಬ್ಯಾಂಕೊಂದು ವಿಮೆಯ ಕಾರ್ಪೊರೇಟ್ ಏಜೆಂಟ್ ಆಗಿ ಒಂಬತ್ತು ಜೀವ ವಿಮಾ ಕಂಪನಿಗಳ ಪಾಲಿಸಿಗಳನ್ನು ಮಾರಲು ಈಗಿನ ನಿಯಮದಲ್ಲಿ ಅವಕಾಶವಿದೆ. ಆ ಒಂಬತ್ತರಲ್ಲಿ ಒಂದೂ ಅದರ ಸ್ವಂತದ್ದಾಗಿರಬೇಕಿಲ್ಲ. ಆದ್ದರಿಂದ ಶಾಖೆಯ ಕೌಂಟರಿನಲ್ಲಿ ಸಹಿ ಹಾಕಿದ್ದು ಯಾವುದಕ್ಕೂ ಸಾಕ್ಷಿಯಲ್ಲ.

ನಮ್ಮ ರಾಜ್ಯದ ಓದುಗರಿಗೆ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿ ಈಗ ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಕೆನರಾ ಬ್ಯಾಂಕಿನ ಹೆಸರು ಒಂದು ಮ್ಯೂಚುವಲ್ ಫಂಡ್ ಮೇಲೂ ಇದೆ, ಒಂದು ಜೀವ ವಿಮಾ ಕಂಪನಿಯ ಮೇಲೂ ಇದೆ. ಎರಡನ್ನೂ ಒಂದೇ ಮನೆಯವು ಎಂದುಕೊಳ್ಳುವವರೇ ಹೆಚ್ಚು. ಎರಡರಲ್ಲೂ ಇರುವುದು ಒಂದೇ ಬ್ಯಾಂಕ್ ನಿಜ, ಜೊತೆಗಾರರು ಮಾತ್ರ ಬೇರೆ.

ಮೊದಲು ಕೆನರಾ ರೊಬೆಕೊ. ಬ್ಯಾಂಕ್ 1987ರಲ್ಲಿ ಕ್ಯಾನ್‌ಬ್ಯಾಂಕ್ ಮ್ಯೂಚುವಲ್ ಫಂಡ್ ಎಂದು ಶುರುಮಾಡಿದ್ದು 2007ರಲ್ಲಿ ನೆದರ್‌ಲೆಂಡ್ಸ್‌ನ ರೊಬೆಕೊ ಜೊತೆಗೂಡಿದಾಗ ಈ ಹೆಸರು ಪಡೆಯಿತು. ಫಲಕದ ಮೇಲೆ ಅಂದಿನಿಂದ ಇಂದಿನವರೆಗೆ ರೊಬೆಕೊ ಎಂದೇ ಇದೆ. ಆದರೆ ಷೇರುದಾರರ ಪಟ್ಟಿ ತೆಗೆದರೆ ರೊಬೆಕೊ ಎಂಬ ಹೆಸರು ಕಾಣದು. ಅಲ್ಲಿರುವುದು ಓರಿಕ್ಸ್ ಕಾರ್ಪೊರೇಷನ್ ಯುರೋಪ್ ಎನ್.ವಿ. ರೊಬೆಕೊವನ್ನು ಹಿಂದೆ ಹೊಂದಿದ್ದ ಡಚ್ ಬ್ಯಾಂಕ್ ರಾಬೊಬ್ಯಾಂಕ್ ತನ್ನ ದೊಡ್ಡ ಪಾಲನ್ನು 2013ರಲ್ಲಿ ಜಪಾನಿನ ಓರಿಕ್ಸ್ ಸಮೂಹಕ್ಕೆ ಮಾರಿತು. ಉಳಿದದ್ದೂ ಕೆಲ ವರ್ಷಗಳಲ್ಲಿ ಅವರಿಗೇ ಸೇರಿತು. ಬಳಿಕ ರೊಬೆಕೊ ಗ್ರೂಪ್ ಎಂಬ ಹಿಡುವಳಿ ಕಂಪನಿಯ ಹೆಸರನ್ನೇ ಓರಿಕ್ಸ್ ಯುರೋಪ್ ಎಂದು ಬದಲಿಸಿದರು. ಹೀಗಾಗಿ ಹೆಸರು ಡಚ್ಚರದು, ಷೇರು ಹಿಡಿದ ಕಂಪನಿಯ ನೋಂದಣಿ ನೆದರ್‌ಲೆಂಡ್ಸ್‌ನಲ್ಲಿ, ಕೊನೆಯ ಯಜಮಾನ ಟೋಕಿಯೊದಲ್ಲಿ. "ಡಚ್ ಕಂಪನಿ ಇದೆಯಲ್ಲ" ಎನ್ನುವವರು ಮೇಲಿನ ಸಿಪ್ಪೆಯನ್ನಷ್ಟೇ ನೋಡಿರುತ್ತಾರೆ.

ಇನ್ನು ಪಾಲಿನ ಲೆಕ್ಕ. ಬಹುಕಾಲ ಬ್ಯಾಂಕಿನದು ಶೇ. 51, ವಿದೇಶಿ ಜೊತೆಗಾರರದು ಶೇ. 49 ಇತ್ತು. ಬಹುಪಾಲು ಜನರ ನೆನಪಿನಲ್ಲಿ ಉಳಿದಿರುವುದು ಇದೇ. 2025ರ ಅಕ್ಟೋಬರ್‌ನಲ್ಲಿ ಫಂಡನ್ನು ನಡೆಸುವ ಆಸ್ತಿ ನಿರ್ವಹಣಾ ಕಂಪನಿ ಷೇರುಪೇಟೆಗೆ ಬಂದಾಗ ಬ್ಯಾಂಕ್ ಸುಮಾರು ಶೇ. 13ರಷ್ಟನ್ನೂ ಓರಿಕ್ಸ್ ಸುಮಾರು ಶೇ. 12ರಷ್ಟನ್ನೂ ಮಾರಿದವು. ಉಳಿದದ್ದು ಹೆಚ್ಚುಕಡಿಮೆ 38 ಮತ್ತು 37. ಬ್ಯಾಂಕಿನದು ಈಗಲೂ ಒಂದು ಕೂದಲೆಳೆಯಷ್ಟು ಮುಂದೆ, ಆದರೆ ಅರ್ಧಕ್ಕಿಂತ ಕೆಳಗೆ. ಇದರಿಂದ ಹೂಡಿಕೆದಾರನಿಗೆ ಕೆಟ್ಟದಾಯಿತು ಎಂದು ನಾನು ಹೇಳುತ್ತಿಲ್ಲ. ಹಳೆಯ ಅಂಕಿಯ ಮೇಲೆ ಹೊಸ ಭರವಸೆ ಕಟ್ಟಬೇಡಿ ಎನ್ನುತ್ತಿದ್ದೇನೆ, ಅಷ್ಟೆ. ಅಂದ ಹಾಗೆ, ಅದು ಹಳೆಯ ಷೇರುದಾರರು ತಮ್ಮ ಷೇರು ಮಾರಿದ ಕೊಡುಗೆ. ಬಂದ ಹಣ ಹೋದದ್ದು ಮಾರಿದವರಿಗೆ, ಕಂಪನಿಯ ತಿಜೋರಿಗಲ್ಲ. "ಷೇರು ಬಿಟ್ಟರಲ್ಲ, ಈಗ ಕಂಪನಿ ಇನ್ನೂ ಗಟ್ಟಿಯಾಗಿದೆ" ಎಂದು ಸಂತೋಷಪಟ್ಟವರನ್ನೂ ಕಂಡಿದ್ದೇನೆ.

ಎರಡನೆಯದು ಜೀವ ವಿಮೆ. ನಿವೃತ್ತ ಶಾಲಾ ಶಿಕ್ಷಕರೊಬ್ಬರು ಹಳೆಯ ಪಾಲಿಸಿ ಬಾಂಡ್ ಹಿಡಿದು ಬಂದಿದ್ದರು. ಮೇಲೆ ಕೆನರಾ ಎಚ್‌ಎಸ್‌ಬಿಸಿ ಓರಿಯೆಂಟಲ್ ಬ್ಯಾಂಕ್ ಆಫ್ ಕಾಮರ್ಸ್ ಲೈಫ್ ಇನ್ಶುರೆನ್ಸ್ ಎಂದು ಉದ್ದಕ್ಕೆ ಅಚ್ಚಾಗಿತ್ತು. "ಓರಿಯೆಂಟಲ್ ಬ್ಯಾಂಕೇ ಈಗ ಇಲ್ಲವಲ್ಲ, ನನ್ನ ಕಾಗದದ ಗತಿ ಏನು?" ಎಂಬುದು ಅವರ ಆತಂಕ. "ಮೇಷ್ಟ್ರೇ, ಪಾಲಿಸಿ ಕೊಟ್ಟದ್ದು ವಿಮಾ ಕಂಪನಿ, ಬ್ಯಾಂಕಲ್ಲ. ಷೇರುದಾರ ಬದಲಾದರೂ ಕಂಪನಿ ಅದೇ" ಎಂದೆ. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಷೇರುಗಳೂ ಪಿಎನ್‌ಬಿಗೆ ಹೋದವು. ಕಂಪನಿ ಆಮೇಲೆ ತನ್ನ ಹೆಸರನ್ನು ಕೆನರಾ ಎಚ್‌ಎಸ್‌ಬಿಸಿ ಲೈಫ್ ಎಂದು ಮೊಟಕು ಮಾಡಿಕೊಂಡಿತು. ಮೇಷ್ಟ್ರು ಒಪ್ಪಿದರು, ಆದರೆ ತಕ್ಷಣ ಮರುಪ್ರಶ್ನೆ ಬಂತು: "ಹಾಗಿದ್ದರೆ ಕೆನರಾ ಬ್ಯಾಂಕ್ ಬದಲಾದರೂ ಕಂಪನಿ ಅದೇ ಅಲ್ಲವೇ? ಮತ್ತೆ ಕೆನರಾ ಎಂದು ನಂಬಿದ್ದೇಕೆ?" ನಲವತ್ತು ವರ್ಷ ಮಕ್ಕಳನ್ನು ಪ್ರಶ್ನೆ ಕೇಳಿದವರು, ಬಿಡುತ್ತಾರೆಯೇ?

ಆ ಕಂಪನಿಯಲ್ಲಿ ಕೆನರಾ ಬ್ಯಾಂಕ್ ಶೇ. 51, ಎಚ್‌ಎಸ್‌ಬಿಸಿ ಇನ್ಶುರೆನ್ಸ್ (ಏಷ್ಯಾ-ಪೆಸಿಫಿಕ್) ಹೋಲ್ಡಿಂಗ್ಸ್ ಶೇ. 26, ಪಿಎನ್‌ಬಿ ಶೇ. 23 ಹೊಂದಿದ್ದವು. ಇದೂ 2025ರ ಅಕ್ಟೋಬರ್‌ನಲ್ಲೇ ಪೇಟೆಗೆ ಬಂದು ಪಾಲುಗಳು ಕ್ರಮವಾಗಿ ಸುಮಾರು 36.5, 25.5 ಮತ್ತು 13ಕ್ಕೆ ಇಳಿದವು. ಇಲ್ಲೊಂದು ಸೂಕ್ಷ್ಮವಿದೆ. ಷೇರು ಬಿಡುಗಡೆಯ ದಾಖಲೆಯಲ್ಲಿ ಪ್ರವರ್ತಕರ ಸಾಲಿನಲ್ಲಿದ್ದವರು ಕೆನರಾ ಮತ್ತು ಎಚ್‌ಎಸ್‌ಬಿಸಿ ಮಾತ್ರ. ಪಿಎನ್‌ಬಿಯನ್ನು ಹೂಡಿಕೆದಾರ ಎಂದು ಕಾಣಿಸಲಾಗಿತ್ತು. ಆ ಬ್ಯಾಂಕಿಗೆ ತನ್ನದೇ ಹೆಸರಿನ ಮತ್ತೊಂದು ಜೀವ ವಿಮಾ ಕಂಪನಿಯಲ್ಲೂ ಪಾಲಿದೆ. ಷೇರು ಇದ್ದವರೆಲ್ಲ ಕಂಪನಿಯನ್ನು ನಡೆಸುವವರಲ್ಲ. ಹಾಗೆಯೇ ಎಚ್‌ಎಸ್‌ಬಿಸಿ ಹೆಸರಿನ ಮ್ಯೂಚುವಲ್ ಫಂಡ್ ಬೇರೆಯೇ ಇದೆ, ಅದಕ್ಕೂ ಕೆನರಾ ಬ್ಯಾಂಕಿಗೂ ನಂಟಿಲ್ಲ.

ಇದನ್ನೆಲ್ಲ ನೋಡುವುದೆಲ್ಲಿ? ಆ್ಯಪ್‌ನಲ್ಲಂತೂ ಅಲ್ಲ, ಜಾಹೀರಾತಿನ ಕರಪತ್ರದಲ್ಲೂ ಅಲ್ಲ. ಫಂಡ್ ಆದರೆ ಅದರ ಜಾಲತಾಣದಲ್ಲಿ ಸ್ಟೇಟ್‌ಮೆಂಟ್ ಆಫ್ ಅಡಿಷನಲ್ ಇನ್ಫರ್ಮೇಷನ್ ಎಂಬ ದಾಖಲೆ ಇರುತ್ತದೆ. ದಪ್ಪ ನೋಡಿ ಹೆದರಬೇಡಿ, ಬೇಕಾದದ್ದು ಮೊದಲ ಅಧ್ಯಾಯ. ಫಂಡ್ ಹುಟ್ಟುಹಾಕಿದ ಪ್ರಾಯೋಜಕರು, ಟ್ರಸ್ಟಿಗಳು, ಆಸ್ತಿ ನಿರ್ವಹಣಾ ಕಂಪನಿ ಮೂವರ ವಿವರವೂ ಅಲ್ಲಿದೆ, ಪ್ರಾಯೋಜಕರ ಕಳೆದ ಮೂರು ವರ್ಷಗಳ ಹಣಕಾಸಿನ ಅಂಕಿಗಳ ಸಮೇತ. ಜೀವ ವಿಮೆಯಾದರೆ ಕಂಪನಿಯ ಜಾಲತಾಣದಲ್ಲಿ ಸಾರ್ವಜನಿಕ ಪ್ರಕಟಣೆಗಳ ವಿಭಾಗ ತೆರೆದು ಷೇರುದಾರರ ವಿವರವಿರುವ L-9 ಮತ್ತು L-9A ನಮೂನೆಗಳನ್ನು ನೋಡಿ. ಸಾಮಾನ್ಯ ವಿಮೆಯಲ್ಲಿ ಅವು NL-9 ಮತ್ತು NL-9A. ತ್ರೈಮಾಸಿಕಕ್ಕೊಮ್ಮೆ ಇವು ಹೊಸದಾಗುತ್ತವೆ. ಕಂಪನಿ ಷೇರುಪೇಟೆಯಲ್ಲಿದ್ದರೆ ವಿನಿಮಯ ಕೇಂದ್ರದ ತಾಣದಲ್ಲಿ ಷೇರು ಹಿಡುವಳಿಯ ವಿವರ ಇನ್ನೂ ಸುಲಭವಾಗಿ ಸಿಗುತ್ತದೆ.

ಅಲ್ಲಿ ಸಿಗುವ ವಿದೇಶಿ ಹೆಸರು ಬಹುಮಟ್ಟಿಗೆ ಒಂದು ಹಿಡುವಳಿ ಕಂಪನಿ. ಅಲ್ಲಿಗೇ ನಿಲ್ಲಬೇಡಿ. ಆ ಹೆಸರನ್ನು ಹಿಡಿದು ಮೂಲ ಸಮೂಹದ ವಾರ್ಷಿಕ ವರದಿಯಲ್ಲಿರುವ ಅಂಗಸಂಸ್ಥೆಗಳ ಪಟ್ಟಿಯಲ್ಲಿ ಹುಡುಕಿ. ಅತ್ತ ಭಾರತದ ಬ್ಯಾಂಕಿನ ವಾರ್ಷಿಕ ವರದಿಯಲ್ಲೂ ಅದೇ ಕಂಪನಿಯ ಪಾಲು ಎಷ್ಟೆಂದು ಬರೆದಿರುತ್ತಾರೆ. ಎರಡು ಕಡೆಯ ಅಂಕಿ ತಾಳೆಯಾಗದಿದ್ದರೆ ಮೊದಲು ದಿನಾಂಕ ನೋಡಿ. ಹೆಚ್ಚಿನ ಸಲ ಒಂದು ಮಾರ್ಚ್‌ನದು, ಇನ್ನೊಂದು ಡಿಸೆಂಬರ್‌ನದು ಆಗಿರುತ್ತದೆ.

ಈಗ ನಾನು ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು. ಪ್ರಾಯೋಜಕ ಸಿಕ್ಕಿದ ಎಂದರೆ ಜಾಮೀನುದಾರ ಸಿಕ್ಕಿದ ಎಂದಲ್ಲ. ಫಂಡ್ ಶುರುಮಾಡಲು ಪ್ರಾಯೋಜಕ ಒಂದಿಷ್ಟು ಆರಂಭಿಕ ಮೊತ್ತ ಕೊಟ್ಟಿರುತ್ತಾನೆ. ಎಷ್ಟೋ ಫಂಡ್‌ಗಳಲ್ಲಿ ಅದು ಒಂದು ಲಕ್ಷ ರೂಪಾಯಿ. ಯೋಜನೆಯಲ್ಲಿ ನಷ್ಟವಾದರೆ ಈ ಮೊತ್ತದ ಆಚೆಗೆ ಪ್ರಾಯೋಜಕ ಹೊಣೆಯಲ್ಲ ಎಂದು ಯೋಜನೆಯ ದಾಖಲೆಯಲ್ಲೇ ಅಚ್ಚಾಗಿರುತ್ತದೆ. ಲಕ್ಷಾಂತರ ಕೋಟಿ ವಹಿವಾಟಿನ ಬ್ಯಾಂಕ್ ಬೆನ್ನಿಗಿದ್ದರೂ ಬರಹ ಅದೇ. ಠೇವಣಿಗೆ ಇರುವ ಐದು ಲಕ್ಷ ರೂಪಾಯಿಯ ವಿಮಾ ರಕ್ಷಣೆ ಫಂಡ್ ಯೂನಿಟ್‌ಗೂ ಇಲ್ಲ, ವಿಮಾ ಪಾಲಿಸಿಗೂ ಇಲ್ಲ. ವಿಮಾ ಕಂಪನಿ ನಿಮಗೆ ಕೊಡಬೇಕಾದದ್ದನ್ನು ತನ್ನ ಬೊಕ್ಕಸದಿಂದಲೇ ಕೊಡಬೇಕು. ಆದ್ದರಿಂದ ಅಲ್ಲಿ ನೋಡಬೇಕಾದ ಅಂಕಿ ಅದರ ಸಾಲ್ವೆನ್ಸಿ ಅನುಪಾತ, ಅಂದರೆ ನಿಯಮ ಕೇಳುವ ಹೆಚ್ಚುವರಿ ಬಂಡವಾಳಕ್ಕೆ ಹೋಲಿಸಿದರೆ ಕಂಪನಿಯ ಬಳಿ ಇರುವುದೆಷ್ಟು ಎಂಬ ಲೆಕ್ಕ. ಅದು ಶೇ. 150ಕ್ಕಿಂತ ಕೆಳಗಿಳಿಯುವಂತಿಲ್ಲ.

ಹಿರಿಯರು ಕೆಲವರು ವಾದಿಸುತ್ತಾರೆ: "ಹಿಂದೆ ಬ್ಯಾಂಕುಗಳು ಕೊರತೆ ತುಂಬಿಕೊಟ್ಟಿದ್ದವಲ್ಲ?" ನಿಜ, ಕೊಟ್ಟಿದ್ದವು. ಅವು ಇಷ್ಟು ಲಾಭ ಖಚಿತ ಎಂದು ಬರೆದುಕೊಟ್ಟಿದ್ದ ಹಳೆಯ ಯೋಜನೆಗಳು. ಇಂದಿನ ಯೋಜನೆಯಲ್ಲಿ ಅಂಥ ಬರಹ ಇಲ್ಲದಿರುವಾಗ ಆ ನೆನಪಿಗೆ ಬೆಲೆಯಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಪ್ರಾಯೋಜಕ ಮುಗ್ಗರಿಸಿದರೆ ನಿಮ್ಮ ಹಣವೂ ಮುಗ್ಗರಿಸಬೇಕಿಲ್ಲ. ಯೆಸ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಸಂಕಟಕ್ಕೆ ಸಿಕ್ಕಿದಾಗ ಅದರ ಹೆಸರಿನ ಮ್ಯೂಚುವಲ್ ಫಂಡ್ ಕೂಡ ಇತ್ತು. ಆ ಫಂಡ್ ವ್ಯವಹಾರ ಮಾರಾಟವಾಗಿ ಈಗ ವೈಟ್‌ಓಕ್ ಹೆಸರಿನಲ್ಲಿದೆ. ಫಂಡ್‌ನ ಆಸ್ತಿ ಟ್ರಸ್ಟಿನದು, ಪಾಲಕ ಸಂಸ್ಥೆಯ ಸುಪರ್ದಿನಲ್ಲಿ ಬೇರೆಯಾಗಿಯೇ ಇರುತ್ತದೆ. ಬ್ಯಾಂಕಿಗೆ ಸಾಲ ಕೊಟ್ಟವರು ಅದಕ್ಕೆ ಕೈ ಹಾಕುವಂತಿಲ್ಲ.

ಹಾಗಾದರೆ ಇಷ್ಟೆಲ್ಲ ಹುಡುಕುವುದೇಕೆ ಎನ್ನಬಹುದು. ಫಂಡ್‌ನ ನಿಯಂತ್ರಣ ಕೈ ಬದಲಾದಾಗ ನಿಮಗೊಂದು ಹಕ್ಕು ಬರುತ್ತದೆ. ಸೂಚನೆಯಲ್ಲಿ ಹೇಳಿದ ಅವಧಿಯೊಳಗೆ ನಿರ್ಗಮನ ಶುಲ್ಕವಿಲ್ಲದೆ ಅಂದಿನ ನಿವ್ವಳ ಮೌಲ್ಯಕ್ಕೆ ಹೊರಬರಬಹುದು. ಈ ಸೂಚನೆ ಇಮೇಲ್‌ನಲ್ಲಿ ಬರುತ್ತದೆ, ಬಹಳ ಜನ ಜಾಹೀರಾತೆಂದು ಅಳಿಸಿಬಿಡುತ್ತಾರೆ. ಮಾಲೀಕರು ಯಾರೆಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದರಲ್ಲಿ ಏನು ಬದಲಾಗಿದೆ ಎಂಬುದು ತಿಳಿಯುತ್ತದೆ. ಹೊರಬರಲೇಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ, ಅದು ಯೋಜನೆಯ ಮೇಲೂ ನಿಮ್ಮ ಅಗತ್ಯದ ಮೇಲೂ ನಿಂತಿದೆ. ಆ ಅವಧಿಯಲ್ಲಿ ನಿರ್ಗಮನ ಶುಲ್ಕ ಮನ್ನಾ ಆದರೂ ಬಂಡವಾಳ ಲಾಭದ ಮೇಲಿನ ತೆರಿಗೆ ಮನ್ನಾ ಆಗುವುದಿಲ್ಲ.