ಕ್ಲಚ್ ಮೆಲ್ಲ ಬಿಟ್ಟರೆ ಬಿಸಿ ಕಡಿಮೆಯಾ?

ಮಂಗಳೂರು ಏರುತಗ್ಗಿನ ಊರು. ಏರಿನಲ್ಲಿ ನಿಂತ ಬಸ್ಸು ಮತ್ತೆ ಹೊರಡುವಾಗ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುವುದುಂಟು. "ಮೆಲ್ಲ ಬಿಡಿ ಮಾರಾಯ್ರೇ, ಬಿಸಿಯಾಗುವುದಿಲ್ಲ" ಎಂದು ಯಾರಾದರೂ ಹೇಳುತ್ತಾರೆ. ಸರಿ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಬೇರೆಯೇ ಹೇಳುತ್ತದೆ.

ಬಸ್ಸನ್ನು ಸ್ವಲ್ಪ ಮರೆಯೋಣ. ಒಂದೇ ಅಕ್ಷದ ಮೇಲೆ ತಿರುಗಬಲ್ಲ ಎರಡು ತಟ್ಟೆಗಳು. ಮೊದಲನೆಯದರ ಜಡತ್ವ 0.4 ಕೆಜಿ ಚದರ ಮೀಟರ್, ವೇಗ ಸೆಕೆಂಡಿಗೆ 30 ರೇಡಿಯನ್. ಎರಡನೆಯದರ ಜಡತ್ವ 0.2, ಸುಮ್ನೆ ನಿಂತಿದೆ. ಒತ್ತಿ ಹಿಡಿದರೆ ಕೊನೆಗೆ ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಎಷ್ಟು?

ಇಲ್ಲಿ ಬಹಳ ಮಂದಿ ಶಕ್ತಿಯನ್ನು ಸಮ ಮಾಡಿ 24.5 ಎಂಬ ಉತ್ತರ ತೆಗೆಯುತ್ತಾರೆ. ತಪ್ಪು. ಹೊರಗಿನಿಂದ ಯಾರೂ ತಿರುಚದಿದ್ದರೆ ಉಳಿಯುವುದು ಕೋನೀಯ ಸಂವೇಗ: 0.4 × 30 = 12. ಒಟ್ಟು ಜಡತ್ವ 0.6. ಹಾಗಾಗಿ ಕೊನೆಯ ವೇಗ 20. ಮೊದಲಿದ್ದ ಶಕ್ತಿ 180 ಜೂಲ್, ಈಗ 120. ಉಳಿದ 60 ಜೂಲ್ ತಟ್ಟೆಗಳನ್ನು ಬಿಸಿ ಮಾಡಿತು. (1790ರ ದಶಕದಲ್ಲಿ ವಿಜ್ಞಾನಿ ರಂಫರ್ಡ್ ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಯುವಾಗ ಹುಟ್ಟುವ ಬಿಸಿಯನ್ನು ಕಂಡು ತಲೆ ಕೆರೆದುಕೊಂಡಿದ್ದು ಇದೇ ಜಾತಿಯ ವಿಷಯಕ್ಕೆ.)

ಈಗ ನನಗೆ ತುಂಬಾ ಇಷ್ಟವಾದ ಭಾಗ. ಮೆಲ್ಲ ಒತ್ತೋಣ: ಘರ್ಷಣೆಯ ಟಾರ್ಕ್ 2 ನ್ಯೂಟನ್ ಮೀಟರ್. ಎರಡನೆಯ ತಟ್ಟೆ 20ರ ವೇಗಕ್ಕೆ ಬರಲು 2 ಸೆಕೆಂಡು ಬೇಕು. ಅಷ್ಟರಲ್ಲಿ ವೇಗದ ವ್ಯತ್ಯಾಸ 30ರಿಂದ ಸೊನ್ನೆಗೆ ಇಳಿಯುತ್ತದೆ, ಸರಾಸರಿ 15. ಅಂದರೆ ಒಂದರ ಮೇಲೊಂದು ಜಾರಿದ ಕೋನ 30 ರೇಡಿಯನ್. ಬಿಸಿ 2 × 30 = 60. ಈಗ ನಾಲ್ಕು ಪಟ್ಟು ಬಿಗಿಯಾಗಿ ಒತ್ತಿ. ಟಾರ್ಕ್ 8, ಸಮಯ ಅರ್ಧ ಸೆಕೆಂಡು, ಜಾರಿದ್ದು 7.5 ರೇಡಿಯನ್. ಬಿಸಿ 8 × 7.5, ಮತ್ತದೇ 60! ಜೋರಾಗಿ ತಿಕ್ಕಿದರೆ ಸ್ವಲ್ಪ ಹೊತ್ತು ಜಾರುತ್ತದೆ, ಮೆಲ್ಲ ತಿಕ್ಕಿದರೆ ಜಾಸ್ತಿ ಹೊತ್ತು ಜಾರುತ್ತದೆ. ತಟ್ಟೆಗಳ ಜಡತ್ವ I₁, I₂, ಆರಂಭದ ವೇಗ ω₁, ω₂ ಅಂದುಕೊಂಡರೆ, ಮೇಲ್ಮೈ ನುಣುಪಾಗಿದ್ದರೂ ಒರಟಾಗಿದ್ದರೂ ನಷ್ಟ ಇಷ್ಟೇ:

½ × I₁I₂/(I₁+I₂) × (ω₁−ω₂)²

ಇದರಲ್ಲಿ ಘರ್ಷಣೆಯ ಸುಳಿವೇ ಇಲ್ಲ, ನೋಡಿ. ಇರುವುದು ವೇಗದ ವ್ಯತ್ಯಾಸದ ವರ್ಗ. ಎರಡನೆಯ ತಟ್ಟೆ ನಿಂತಿರುವ ಬದಲು ಎದುರು ದಿಕ್ಕಿಗೆ 30ರಲ್ಲಿ ತಿರುಗುತ್ತಿದ್ದರೆ ವ್ಯತ್ಯಾಸ 60. ನಷ್ಟ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 240 ಜೂಲ್.

ಬಸ್ಸಿಗೆ ವಾಪಸು ಬರೋಣ. ಇಲ್ಲಿ ತಟ್ಟೆಗಳು ಸ್ವತಂತ್ರವಲ್ಲ. ಒಂದು ಕಡೆ ಎಂಜಿನ್ ತಳ್ಳುತ್ತದೆ, ಇನ್ನೊಂದು ಕಡೆ ಏರು ಬಸ್ಸನ್ನು ಹಿಂದಕ್ಕೆ ಎಳೆಯುತ್ತದೆ. ಬಸ್ಸನ್ನು ಬರೀ ಹಿಂದೆ ಜಾರದಂತೆ ಹಿಡಿಯಲೂ ಕ್ಲಚ್ ಟಾರ್ಕ್ ಕೊಡಬೇಕು. ಹಾಫ್ ಕ್ಲಚ್‌ನಲ್ಲಿ ಪ್ಲೇಟ್ ಜಾರುವಷ್ಟು ಹೊತ್ತೂ ಆ ಟಾರ್ಕಿನ ಲೆಕ್ಕದ ಬಿಸಿ ಮೇಲಿಂದ ಮೇಲೆ ಸೇರುತ್ತದೆ. ಹಾಗಾಗಿ ಏರಿನಲ್ಲಿ ಮೆಲ್ಲ ಬಿಟ್ಟಷ್ಟೂ ವಾಸನೆ ಜಾಸ್ತಿ. ಜರ್ಕ್ ಮಾತ್ರ ಕಡಿಮೆ, ನಿಂತಿರುವ ಪ್ರಯಾಣಿಕರು ಮುಗ್ಗರಿಸುವುದಿಲ್ಲ.