ಏಳು ತಂಡ, ಎಂಟು ಜಾಗ: ರೌಂಡ್ ರಾಬಿನ್ ಪಟ್ಟಿ ಹಾಕುವ ವೃತ್ತ ವಿಧಾನ

ಉಡುಪಿ ಸುತ್ತಮುತ್ತಲಿನ ಏಳು ವಾಲಿಬಾಲ್ ತಂಡಗಳು ಬಂದಿವೆ ಎಂದಿಟ್ಟುಕೊಳ್ಳಿ. ಚೀಟಿ ಎತ್ತಿ ನಂಬರ್ ಕೊಟ್ಟಾಗಿದೆ: 1 ಮಲ್ಪೆ, 2 ಕಾಪು, 3 ಕಟಪಾಡಿ, 4 ಮಣಿಪಾಲ, 5 ಪರ್ಕಳ, 6 ಬ್ರಹ್ಮಾವರ, 7 ಕಲ್ಯಾಣಪುರ. ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡಬೇಕು. ಒಂದು ತಂಡಕ್ಕೆ 6 ಮ್ಯಾಚ್, ಏಳು ತಂಡಕ್ಕೆ 42. ಒಂದೊಂದು ಮ್ಯಾಚನ್ನೂ ಎರಡೂ ತಂಡದ ಲೆಕ್ಕದಲ್ಲಿ ಎಣಿಸಿದ್ದೇವೆ, ಹಾಗಾಗಿ ಅರ್ಧ ಮಾಡಿದರೆ 21.

ಈ 21 ಮ್ಯಾಚನ್ನು ಮನಸ್ಸಿಗೆ ಬಂದ ಹಾಗೆ ಬರೆಯುತ್ತಾ ಹೋದರೆ ಮೊದಲ ಎರಡು ಮೂರು ಸುತ್ತು ಚೆನ್ನಾಗಿಯೇ ಬರುತ್ತದೆ. ತೊಂದರೆ ಕೊನೆಯಲ್ಲಿ. ಉಳಿದ ಮ್ಯಾಚ್‌ಗಳಲ್ಲೆಲ್ಲ ಒಂದೇ ತಂಡ ಮತ್ತೆ ಮತ್ತೆ ಕಾಣಿಸುತ್ತದೆ, ಅವನ್ನು ಒಂದು ಸುತ್ತಿನಲ್ಲಿ ಕೂರಿಸಲು ಆಗುವುದಿಲ್ಲ. ವೃತ್ತ ವಿಧಾನದಲ್ಲಿ ಈ ಗಂಟು ಬೀಳುವುದೇ ಇಲ್ಲ.

ಮಾಡುವ ಕ್ರಮ

ತಂಡಗಳ ಸಂಖ್ಯೆ ಬೆಸವಾದರೆ ಒಂದು 'ಖಾಲಿ' ತಂಡವನ್ನು ಸೇರಿಸಿ ಸಮ ಮಾಡಬೇಕು. ಯಾರಿಗೆ ಖಾಲಿ ಜೊತೆಯಾಗಿ ಬರುತ್ತದೋ ಅವರಿಗೆ ಆ ಸುತ್ತಿನಲ್ಲಿ ಬೈ, ಅಂದರೆ ವಿಶ್ರಾಂತಿ. ನಮ್ಮಲ್ಲಿ 7 ಇದೆ, ಖಾಲಿ ಸೇರಿ 8. ಎರಡು ಸಾಲಿನಲ್ಲಿ ಬರೆಯಿರಿ, ಮೇಲಿನ ಸಾಲು ಎಡದಿಂದ ಬಲಕ್ಕೆ, ಕೆಳಗಿನದು ಬಲದಿಂದ ಎಡಕ್ಕೆ:

```
ಖಾಲಿ  1  2  3
 7    6  5  4
```

ಮೇಲೆ ಕೆಳಗೆ ಇರುವವರು ಎದುರಾಳಿಗಳು. ಮೊದಲ ಸುತ್ತು: 1-6, 2-5, 3-4. ಕಲ್ಯಾಣಪುರಕ್ಕೆ ಬೈ.

ಮುಂದಿನ ಸುತ್ತಿಗೆ ಖಾಲಿಯನ್ನು ಅಲ್ಲೇ ಬಿಟ್ಟು, ಉಳಿದ ಏಳೂ ನಂಬರುಗಳನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಒಂದೊಂದು ಜಾಗ ಮುಂದೆ ಸರಿಸಿ. ಕೆಳಗಿನ ಎಡ ಮೂಲೆಯ 7 ಮೇಲೆ ಹೋಗಿ ಖಾಲಿಯ ಪಕ್ಕ ಕೂರುತ್ತದೆ. ಮೇಲಿನ ಬಲ ಮೂಲೆಯ 3 ಕೆಳಗೆ ಇಳಿಯುತ್ತದೆ.

```
ಖಾಲಿ  7  1  2
 6    5  4  3
```

ಎರಡನೇ ಸುತ್ತು: 7-5, 1-4, 2-3. ಬ್ರಹ್ಮಾವರಕ್ಕೆ ಬೈ. ಹೀಗೇ ತಿರುಗಿಸುತ್ತಾ ಹೋದರೆ ಏಳು ಸುತ್ತು ಸಿಗುತ್ತದೆ. ಏಳನೇ ಸಲ ತಿರುಗಿಸಿದಾಗ ಮೊದಲಿನ ಚಿತ್ರವೇ ವಾಪಸ್ ಬರುತ್ತದೆ, ಅಲ್ಲಿಗೆ ನಿಲ್ಲಿಸಬೇಕು.

ಕೈತಪ್ಪುವ ಜಾಗ ಒಂದೇ. ಮೇಲಿನ ಸಾಲು ಬಲಕ್ಕೆ ಸರಿದರೆ ಕೆಳಗಿನದು ಎಡಕ್ಕೆ ಸರಿಯಬೇಕು. ಎರಡನ್ನೂ ಬಲಕ್ಕೇ ಸರಿಸಿದರೆ ಮೇಲಿನವರ ಜೊತೆ ಕೆಳಗಿನವರೂ ಹೋಗುತ್ತಾರೆ, ಹಳೇ ಜೋಡಿಗಳೇ ಪಕ್ಕದ ಜಾಗದಲ್ಲಿ ಮತ್ತೆ ಬರುತ್ತವೆ.

ಒಬ್ಬರನ್ನು ಕದಲಿಸಬಾರದು, ಯಾಕೆ?

ನನ್ನ ತಲೆ ಕೆಡಿಸಿದ್ದು ಈ ಪ್ರಶ್ನೆ. ಎಂಟು ಜಾಗ, ಎಂಟು ಜನ. ಎಲ್ಲರನ್ನೂ ಒಟ್ಟಿಗೆ ತಿರುಗಿಸಿದರೆ ಏನಾಗುತ್ತದೆ? 'ಒಂದನ್ನು ಹಿಡಿದಿಟ್ಟು ಉಳಿದದ್ದನ್ನು ತಿರುಗಿಸಿ' ಎಂದು ನಿಯಮ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಹಾಗಾಗಿ ನಿಜವಾದ ಎಂಟು ತಂಡ ಇಟ್ಟುಕೊಂಡು ಎಲ್ಲರನ್ನೂ ತಿರುಗಿಸಿಯೇ ನೋಡೋಣ.

```
1  2  3  4        8  1  2  3
8  7  6  5        7  6  5  4
```

ಮೊದಲ ಸುತ್ತು 1-8, 2-7, 3-6, 4-5. ಎರಡನೇದು 8-7, 1-6, 2-5, 3-4. ಇಲ್ಲಿಯವರೆಗೆ ಏನೂ ತಪ್ಪು ಕಾಣುವುದಿಲ್ಲ. ಆದರೆ ನಾಲ್ಕು ಸಲ ತಿರುಗಿಸಿದ ಮೇಲೆ ಮೇಲಿನ ಸಾಲು 5 6 7 8, ಕೆಳಗಿನ ಸಾಲು 4 3 2 1 ಆಗುತ್ತದೆ. ಅಂದರೆ 5-4, 6-3, 7-2, 8-1. ಮೊದಲ ಸುತ್ತೇ ತಲೆಕೆಳಗಾಗಿ ಬಂತು, ಅಲ್ವಾ? ನಾಲ್ಕೇ ಸುತ್ತಿಗೆ ಕಥೆ ಮುಗಿಯಿತು. 28 ಮ್ಯಾಚ್ ಬೇಕಿತ್ತು, ಸಿಕ್ಕಿದ್ದು 16. ಉಳಿದ 12 ಎಷ್ಟು ತಿರುಗಿಸಿದರೂ ಬರುವುದಿಲ್ಲ.

ಯಾವ 12? ಜೋಡಿಯ ಎರಡು ನಂಬರನ್ನು ಕೂಡಿಸಿ ನೋಡಿ, ಗುಟ್ಟು ಅಲ್ಲೇ ಇದೆ. ಮೊದಲ ಸುತ್ತಿನಲ್ಲಿ ಎಲ್ಲ ಜೋಡಿಯ ಮೊತ್ತ 9. ಒಂದು ಸಲ ತಿರುಗಿಸಿದಾಗ ಪ್ರತಿ ಜಾಗಕ್ಕೂ ಒಂದು ಕಡಿಮೆ ನಂಬರಿನವರು ಬರುತ್ತಾರೆ: 2 ಇದ್ದಲ್ಲಿಗೆ 1, 7 ಇದ್ದಲ್ಲಿಗೆ 6. ಜೋಡಿಯಲ್ಲಿ ಇಬ್ಬರಿದ್ದಾರೆ, ಹಾಗಾಗಿ ಮೊತ್ತ 2 ಕಡಿಮೆಯಾಗುತ್ತದೆ. 9 ಹೋಗಿ 7, ಆಮೇಲೆ 5, ಆಮೇಲೆ 3. (1 ಇದ್ದಲ್ಲಿಗೆ 8 ಬಂದಾಗ ಮೊತ್ತ 8 ಜಾಸ್ತಿ ಕಾಣುತ್ತದೆ. ಅದಕ್ಕೇ ಮೊತ್ತವನ್ನು 8ರಿಂದ ಭಾಗಿಸಿ ಶೇಷ ಮಾತ್ರ ನೋಡಬೇಕು. 8-7ರ ಮೊತ್ತ 15, ಶೇಷ 7. 1-6ರದ್ದೂ 7.) ಶೇಷಗಳು 1, 7, 5, 3, ಮತ್ತೆ 1. ಎರಡೆರಡು ಹೆಜ್ಜೆ ಇಡುತ್ತಾ ಎಂಟರ ವೃತ್ತವನ್ನು ಸುತ್ತಿದರೆ ಬೆಸ ಶೇಷಗಳ ಮೇಲೆ ಮಾತ್ರ ಕಾಲು ಬೀಳುತ್ತದೆ. ಮೊತ್ತ ಬೆಸ ಆಗಬೇಕಾದರೆ ಒಂದು ನಂಬರ್ ಬೆಸ, ಇನ್ನೊಂದು ಸಮ ಇರಬೇಕು. ಹಾಗಾಗಿ 1, 3, 5, 7 ತಮ್ಮತಮ್ಮೊಳಗೆ ಆಡುವುದೇ ಇಲ್ಲ, ಅಲ್ಲಿ 6 ಮ್ಯಾಚ್ ಹೋಯಿತು. 2, 4, 6, 8 ತಮ್ಮೊಳಗೆ ಆಡುವುದಿಲ್ಲ, ಇನ್ನೂ 6. ಆ 12 ಇವೇ.

ಈಗ ಒಬ್ಬರನ್ನು ಹಿಡಿದಿಟ್ಟು ಏಳನ್ನೇ ತಿರುಗಿಸಿ. ಪ್ರತಿ ಸಲ ಮೊತ್ತ ಇಳಿಯುವುದು ಆಗಲೂ 2ರಷ್ಟೇ. ಆದರೆ ಈಗ ಭಾಗಿಸುವುದು 7ರಿಂದ, ಮತ್ತು 7 ಬೆಸ ಸಂಖ್ಯೆ. ನಮ್ಮ ಮೊದಲ ಸುತ್ತಿನ ಮೊತ್ತ 7, ಶೇಷ 0. ಅಲ್ಲಿಂದ 5, 3, 1, ಆಮೇಲೆ 6, 4, 2, ಮತ್ತೆ 0. ಏಳೂ ಶೇಷ ಬಂತು, ಒಂದೂ ಬಿಡಲಿಲ್ಲ. 1ರಿಂದ 2 ಹಿಂದೆ ಹೋದಾಗ 6ಕ್ಕೆ ಬಂದು ಬೀಳುತ್ತದೆ, ಬೆಸದಿಂದ ಸಮಕ್ಕೆ ದಾಟುವುದು ಅಲ್ಲಿ. ಎಂಟರಲ್ಲಿ ಆ ದಾಟು ಇಲ್ಲ.

ಇದು ತಿಳಿದ ಮೇಲೆ ನನಗೆ ಇಡೀ ವಿಧಾನ ತಿರುಗಿ ಕಂಡಿತು. ಬೆಸ ಸಂಖ್ಯೆಯ ತಂಡ ಬಂದರೆ ತೊಡಕು, ಅದಕ್ಕೆ ಖಾಲಿ ಸೇರಿಸಿ ಸರಿಮಾಡುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ತಿರುಗುವುದು ಬೆಸ ಸಂಖ್ಯೆಯ ವೃತ್ತವೇ. ಅದರಲ್ಲಿ ಪ್ರತಿ ಸುತ್ತಿಗೂ ಒಬ್ಬರು ಒಂಟಿಯಾಗಿ ಉಳಿಯುತ್ತಾರೆ. ಏಳು ತಂಡವಾದರೆ ಆ ಒಂಟಿಗೆ ಬೈ. ಎಂಟು ತಂಡವಾದರೆ ಹೊರಗೆ ಕದಲದೆ ನಿಂತ ಎಂಟನೆಯವರು ಆ ಒಂಟಿಯ ಜೊತೆ ಆಡುತ್ತಾರೆ.

ಶೇಷದ ಲೆಕ್ಕ ಇಷ್ಟವಾಗಲು ಕಾರಣ

ಚಿತ್ರ ತಿರುಗಿಸದೆಯೇ ಪಟ್ಟಿ ಬರೆಯಬಹುದು. ಯಾವುದೇ ಎರಡು ತಂಡದ ನಂಬರ್ ಕೂಡಿಸಿ 7ರಿಂದ ಭಾಗಿಸಿ. ಶೇಷವೇ ಸುತ್ತಿನ ನಂಬರ್, ಶೇಷ 0 ಬಂದರೆ ಏಳನೇ ಸುತ್ತು. ಕಟಪಾಡಿ ಮತ್ತು ಬ್ರಹ್ಮಾವರ ಯಾವಾಗ ಎದುರಾಗುತ್ತವೆ? 3+6=9, ಶೇಷ 2, ಎರಡನೇ ಸುತ್ತಿನಲ್ಲಿ. ಬೈ ಬೇಕಾದರೆ ನಂಬರನ್ನು ಅದಕ್ಕೇ ಕೂಡಿಸಿ. ಪರ್ಕಳಕ್ಕೆ 5+5=10, ಶೇಷ 3, ಮೂರನೇ ಸುತ್ತಿನಲ್ಲಿ ಬೈ. ಪೂರ್ತಿ ಪಟ್ಟಿ ಹೀಗೆ:

```
ಸುತ್ತು 1:  1-7  2-6  3-5   ಬೈ 4
ಸುತ್ತು 2:  2-7  3-6  4-5   ಬೈ 1
ಸುತ್ತು 3:  1-2  3-7  4-6   ಬೈ 5
ಸುತ್ತು 4:  1-3  4-7  5-6   ಬೈ 2
ಸುತ್ತು 5:  1-4  2-3  5-7   ಬೈ 6
ಸುತ್ತು 6:  1-5  2-4  6-7   ಬೈ 3
ಸುತ್ತು 7:  1-6  2-5  3-4   ಬೈ 7
```

ತಿರುಗಿಸಿ ಬರೆದಾಗಲೂ ಇವೇ ಸುತ್ತುಗಳು ಬರುತ್ತವೆ, ಕ್ರಮ ಮಾತ್ರ ಬೇರೆ (7, 5, 3, 1, 6, 4, 2). ಚೆಸ್ ಟೂರ್ನಿಗಳಲ್ಲಿ ಬಳಸುವ ಬರ್ಗರ್ ಟೇಬಲ್ಲಿನಲ್ಲೂ ಜೋಡಿ ಕೂಡುವುದು ಇದೇ ಶೇಷದಿಂದ. ಎಂಟು ಆಟಗಾರರ ಟೇಬಲ್ಲಿನ ಮೊದಲ ಸುತ್ತು 1-8, 2-7, 3-6, 4-5. ಮೇಲಿನ ಪಟ್ಟಿಯ ಎರಡನೇ ಸುತ್ತು ನೋಡಿ, ಅದೇ. ಅಲ್ಲಿ 1ಕ್ಕೆ ಬೈ ಬದಲು 8 ಎದುರಾಳಿ.

ಬರೆದ ಪಟ್ಟಿ ಸರಿ ಇದೆಯೇ ಎಂದು ನೋಡಲೂ ಇದೇ ಸಾಕು. ಒಂದು ಸುತ್ತಿನ ಎಲ್ಲ ಮೊತ್ತಗಳ ಶೇಷ ಒಂದೇ ಬರಬೇಕು. ಒಂದು ಜೋಡಿಯದ್ದು ಬೇರೆ ಬಂದರೆ ಅಲ್ಲೇ ತಿರುಗಿಸುವಾಗ ಎಡವಟ್ಟಾಗಿದೆ.

ಅಂಕಣಕ್ಕೆ ಇಳಿದ ಮೇಲೆ

'ಪಟ್ಟಿ ಅಂಟಿಸಿದ ಮೇಲೆ ಕುಂದಾಪುರದವರು ಬಂದ್ರೆ ಮತ್ತೆ ಎಲ್ಲ ಬರೀಬೇಕಾ ಮಾರಾಯ?' ಎಂದು ಯುವಕ ಮಂಡಲದ ಅಣ್ಣ ಒಬ್ಬರು ಕೇಳಿದರು. ಬೇಡ. ಎಂಟನೇ ತಂಡವನ್ನು ಖಾಲಿಯ ಜಾಗದಲ್ಲಿ ಕೂರಿಸಿದರೆ ಆಯಿತು. ಬೈ ಇದ್ದಲ್ಲೆಲ್ಲ ಕುಂದಾಪುರ ಬರುತ್ತದೆ, ಹಳೆಯ 21 ಮ್ಯಾಚ್ ಹಾಗೇ ಇರುತ್ತದೆ, 7 ಸೇರಿ 28 ಆಗುತ್ತದೆ. ಸುತ್ತು ಆಗಲೂ ಏಳೇ. ಖಾಲಿಯನ್ನೇ ಕದಲದ ಜಾಗದಲ್ಲಿಡಬೇಕು ಎಂಬ ನಿಯಮವಿಲ್ಲ, ಬೇರೆ ತಂಡವನ್ನು ಅಲ್ಲಿಟ್ಟು ಖಾಲಿಯನ್ನು ತಿರುಗಿಸಿದರೂ ಪಟ್ಟಿ ಸರಿಯೇ. ಆದರೆ ಖಾಲಿಯನ್ನು ಮೂಲೆಯಲ್ಲಿಟ್ಟರೆ ಬೈ 7, 6, 5, 4 ಎಂದು ಸಾಲಾಗಿ ಬರುತ್ತದೆ, ತಂಡದವರಿಗೆ ಹೇಳುವುದು ಸುಲಭ. ನಾನು ಹಾಗೇ ಮಾಡುತ್ತೇನೆ.

ದಿನಕ್ಕೊಂದು ಸುತ್ತು ಆಡಿಸುವುದಾದರೆ ಇಷ್ಟು ಸಾಕು. ಒಂದೇ ಅಂಕಣ, ಒಂದೇ ಭಾನುವಾರ, 25 ಪಾಯಿಂಟಿನ ಒಂದೊಂದೇ ಸೆಟ್ ಎಂದಾದರೆ ಇನ್ನೊಂದು ಸಂಗತಿ ನೋಡಬೇಕು. ಒಂದು ಸುತ್ತಿನ ಕೊನೆಯ ಮ್ಯಾಚ್ ಆಡಿದವರು ಮುಂದಿನ ಸುತ್ತಿನ ಮೊದಲ ಮ್ಯಾಚಿಗೇ ಬಂದರೆ ಉಸಿರು ತೆಗೆದುಕೊಳ್ಳಲು ಸಮಯವಿರುವುದಿಲ್ಲ. ಮೇಲಿನ ಪಟ್ಟಿಯನ್ನು ಬರೆದ ಕ್ರಮದಲ್ಲೇ ಆಡಿಸಿದರೆ ಹಾಗೇ ಆಗುವ ಕಡೆಗಳಿವೆ: ಏಳನೇ ಸುತ್ತು 1-6ರಿಂದ ಶುರುವಾಗುತ್ತದೆ, ಆರನೆಯದು 6-7ಕ್ಕೆ ಮುಗಿದಿರುತ್ತದೆ. ಬ್ರಹ್ಮಾವರಕ್ಕೆ ಬೆನ್ನಿಗೆ ಬೆನ್ನು ಎರಡು ಮ್ಯಾಚ್.

ಆಗ ತಿರುಗಿಸುವ ಚಿತ್ರಕ್ಕೇ ಮರಳಿ, ಅದರ ಕ್ರಮದಲ್ಲೇ, ಪ್ರತಿ ಸುತ್ತನ್ನೂ ಎಡದಿಂದ ಬಲಕ್ಕೆ ಆಡಿಸಿ. ಏಳು ತಂಡದ ಚಿತ್ರದಲ್ಲಿ ಬಲತುದಿಯ ಜೋಡಿ ಒಂದು ಜಾಗ ಸರಿದಾಗ ಒಬ್ಬರು ಬಲತುದಿಯ ಕೆಳಗೆ, ಇನ್ನೊಬ್ಬರು ನಡುವಿನ ಜೋಡಿಯ ಕೆಳಗೆ ಹೋಗುತ್ತಾರೆ. ಮೊದಲ ಮ್ಯಾಚಿಗೆ ಇಬ್ಬರೂ ತಲುಪುವುದಿಲ್ಲ. 3-4 ಮುಗಿದ ಮೇಲೆ 7-5, 2-3 ಮುಗಿದ ಮೇಲೆ 6-4, 1-2 ಮುಗಿದ ಮೇಲೆ 5-3. ಯಾರಿಗೇ ಆದರೂ ಕನಿಷ್ಠ ಒಂದು ಮ್ಯಾಚಿನಷ್ಟು ಬಿಡುವು ಸಿಗುತ್ತದೆ.

ಐದು ತಂಡಕ್ಕೆ ಇದು ನಡೆಯುವುದಿಲ್ಲ. ಅಲ್ಲಿ ಸುತ್ತಿಗೆ ಎರಡೇ ಮ್ಯಾಚ್: ಮೊದಲು 1-4, 2-3, ಆಮೇಲೆ 5-3, 1-2. ನೋಡಿ, 3 ಎರಡು ಸಲ ಸಾಲಾಗಿ ಬಂತು. ಐದು ತಂಡ ಇದ್ದಾಗ ಸುತ್ತಿಗೂ ಸುತ್ತಿಗೂ ನಡುವೆ ಬಿಡುವನ್ನು ನಾವೇ ಬರೆದು ಇಡಬೇಕು.