ಥರ್ಮಲ್: ರಣಹದ್ದು ಒಂದೇ ಕಡೆ ಸುತ್ತುವುದು ಯಾಕೆ?

ಆಕಾಶದಲ್ಲಿ ರಣಹದ್ದುಗಳು ಸುತ್ತುತ್ತಿದ್ದರೆ ಕೆಳಗೆ ಏನೋ ಸತ್ತು ಬಿದ್ದಿದೆ ಅಂತಲೇ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಸಿನಿಮಾದವರಂತೂ ಇದನ್ನು ಸಾವಿನ ಗುರುತನ್ನಾಗಿಯೇ ಮಾಡಿಬಿಟ್ಟಿದ್ದಾರೆ. ಆದರೆ ಎಷ್ಟೋ ಸಲ ಆ ಹಕ್ಕಿ ಅಲ್ಲಿಗೆ ಬಂದಿರುವುದು ಊಟಕ್ಕಲ್ಲ, ಮೇಲೇರುವುದಕ್ಕೆ. ಅದನ್ನು ಮೇಲೇರಿಸುವ ಗಾಳಿಯ ಹೆಸರೇ ಥರ್ಮಲ್.

ಬಿಸಿಲಿಗೆ ನೆಲ ಎಲ್ಲ ಕಡೆ ಒಂದೇ ಥರ ಕಾಯುವುದಿಲ್ಲ. ಬಂಡೆ, ಒಣಗಿದ ಹೊಲ, ಬೋಳು ಗುಡ್ಡ ಬೇಗ ಕಾಯುತ್ತವೆ. ಪಕ್ಕದ ಕೆರೆಯೋ ದಟ್ಟ ಹಸಿರೋ ಅಷ್ಟು ಬೇಗ ಕಾಯುವುದಿಲ್ಲ. ಹೆಚ್ಚು ಕಾದ ಜಾಗದ ಮೇಲಿನ ಗಾಳಿಯೂ ಬಿಸಿಯಾಗಿ, ಹಗುರಾಗಿ, ಮೇಲಕ್ಕೆ ಹೊರಡುತ್ತದೆ. ಏರುತ್ತಾ ಏರುತ್ತಾ ಅದು ತಣ್ಣಗಾಗುತ್ತದೆ. 100 ಮೀಟರ್ ಏರಿದರೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಕಡಿಮೆ. ಆದರೂ ಅಕ್ಕಪಕ್ಕದ ಗಾಳಿಗಿಂತ ಬಿಸಿಯಾಗಿರುವಷ್ಟು ಹೊತ್ತು ಏರುತ್ತಲೇ ಇರುತ್ತದೆ. ಹೀಗೆ ನೆಲದಿಂದ ಎದ್ದು ನಿಂತ ಬಿಸಿಗಾಳಿಯ ಕಂಬವೇ ಥರ್ಮಲ್. ಗಾಳಿಯಲ್ಲಿ ಸಾಕಷ್ಟು ತೇವ ಇದ್ದರೆ ಕಂಬದ ತಲೆಯಲ್ಲಿ ಹತ್ತಿಯುಂಡೆಯಂಥ ಬಿಳಿ ಮೋಡ ಕಟ್ಟುತ್ತದೆ. ಕಂಬ ನಮ್ಮ ಕಣ್ಣಿಗೆ ಕಾಣದು. ಆ ಮೋಡ ಕಾಣುತ್ತದೆ, ಸುತ್ತುವ ಹದ್ದು ಕಾಣುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ರೆಕ್ಕೆ ಬಡಿಯದೆ ತೇಲುವ ಹಕ್ಕಿ, ತನ್ನ ಸುತ್ತಲಿನ ಗಾಳಿಯ ಲೆಕ್ಕದಲ್ಲಿ ಯಾವಾಗಲೂ ಕೆಳಕ್ಕೇ ಜಾರುತ್ತಿರುತ್ತದೆ. ಸುತ್ತುವಾಗ ರಣಹದ್ದು ಜಾರುವುದು ಸೆಕೆಂಡಿಗೆ ಹೆಚ್ಚುಕಡಿಮೆ 1 ಮೀಟರ್. ಅದೇ ಹೊತ್ತಿಗೆ ಗಾಳಿ ಸೆಕೆಂಡಿಗೆ 3 ಮೀಟರ್ ಏರುತ್ತಿದ್ದರೆ, ಹಕ್ಕಿಗೆ 2 ಮೀಟರ್ ಲಾಭ. ಮೇಲಕ್ಕೆ ಹೋಗುವ ಎಸ್ಕಲೇಟರ್‌ನಲ್ಲಿ ನಿಧಾನವಾಗಿ ಕೆಳಕ್ಕೆ ಹೆಜ್ಜೆ ಹಾಕಿದ ಹಾಗೆ. ಕಾಲು ಇಳಿಯುತ್ತಿದ್ದರೂ ಆಳು ಮೇಲೆ ಹೋಗುತ್ತಾನೆ.

ಹಾಗಾದರೆ ಸುತ್ತುವುದು ಯಾಕೆ, ನೆಟ್ಟಗೆ ಹೋಗಬಾರದಾ? ಕಂಬ ಅಷ್ಟು ಅಗಲ ಇರುವುದಿಲ್ಲ, ಅದಕ್ಕೆ. ನೆಟ್ಟಗೆ ಹೋದರೆ ಕೆಲವೇ ಸೆಕೆಂಡಿನಲ್ಲಿ ಆಚೆ ಬಿದ್ದುಬಿಡುತ್ತದೆ. ಥರ್ಮಲ್‌ನ ಪಕ್ಕದಲ್ಲಿ ಎಷ್ಟೋ ಸಲ ಗಾಳಿ ಇಳಿಯುತ್ತಿರುತ್ತದೆ, ಅಲ್ಲಿ ಸಿಕ್ಕಿಕೊಂಡರೆ ಗಳಿಸಿದ್ದೆಲ್ಲ ಹೋಯಿತು. ಇದ್ದಲ್ಲೇ ನಿಲ್ಲೋಣ ಅಂದರೆ ಅದೂ ಆಗದು. ಮುಂದಕ್ಕೆ ಹೋಗುತ್ತಿದ್ದರೆ ಮಾತ್ರ ರೆಕ್ಕೆಗೆ ಎತ್ತುವ ಬಲ ಬರುತ್ತದೆ. ಮುಂದೆಯೂ ಹೋಗಬೇಕು, ಕಂಬದ ಒಳಗೂ ಇರಬೇಕು. ಇದಕ್ಕಿರುವ ದಾರಿ ಒಂದೇ, ಸುತ್ತುವುದು.

ಎಷ್ಟು ದೊಡ್ಡ ಸುತ್ತು ಅನ್ನುವುದರಲ್ಲೂ ಹಕ್ಕಿಗೆ ಇಕ್ಕಟ್ಟಿದೆ. ಕಂಬದ ನಡುವೆ ಏರುಗಾಳಿ ಜೋರು, ಅಂಚಿಗೆ ಹೋದಂತೆ ಸಪ್ಪೆ. ನಡುವಿಗೆ ಅಂಟಿಕೊಳ್ಳಲು ಚಿಕ್ಕ ಸುತ್ತು ಹಾಕಬೇಕು. ಆದರೆ ಚಿಕ್ಕ ಸುತ್ತಿಗೆ ಮೈಯನ್ನು ಜಾಸ್ತಿ ವಾಲಿಸಬೇಕಾಗುತ್ತದೆ, ವಾಲಿಸಿದಷ್ಟೂ ಕೆಳಕ್ಕೆ ಜಾರುವ ವೇಗ ಹೆಚ್ಚುತ್ತದೆ. ದೊಡ್ಡ ಸುತ್ತು ಹಾಕಿದರೆ ಜಾರುವುದು ಕಡಿಮೆ, ಆದರೆ ಒಳ್ಳೆಯ ಗಾಳಿ ಕೈತಪ್ಪುತ್ತದೆ. ರಣಹದ್ದಿನ ರೆಕ್ಕೆಗಳು ಉದ್ದವಷ್ಟೇ ಅಲ್ಲ, ಅಗಲ ಕೂಡ. ಹಾಗಾಗಿ ಅದು ನಿಧಾನವಾಗಿ ಹಾರಿದರೂ ಬೀಳುವುದಿಲ್ಲ. ನಿಧಾನ ಹಾರಿದರೆ ಹೆಚ್ಚು ವಾಲದೆಯೇ ಸಾಕಷ್ಟು ಚಿಕ್ಕ ಸುತ್ತು ಹಾಕಬಹುದು. ರೆಕ್ಕೆಯ ತುದಿಯಲ್ಲಿ ಬೆರಳುಗಳಂತೆ ಬಿಡಿಬಿಡಿಯಾಗಿ ನಿಂತ ಗರಿಗಳೂ ಇದಕ್ಕೆ ನೆರವಾಗುತ್ತವೆ.

ಒಂದು ಲೆಕ್ಕ ಹಾಕಿ ನೋಡೋಣ. ಹಕ್ಕಿಯ ವೇಗ ಗಂಟೆಗೆ 40 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಸುಮಾರು 26 ಡಿಗ್ರಿ ವಾಲಿದೆ ಅಂದುಕೊಳ್ಳಿ. ಆಗ ಸುತ್ತಿನ ಅಡ್ಡಗಲ ಸುಮಾರು 50 ಮೀಟರ್ ಆಗುತ್ತದೆ, ಒಂದು ಸುತ್ತಿಗೆ 14 ಸೆಕೆಂಡ್ ಬೇಕಾಗುತ್ತದೆ. ಸೆಕೆಂಡಿಗೆ 2 ಮೀಟರ್ ಲಾಭದಂತೆ ಪ್ರತಿ ಸುತ್ತಿಗೂ 28 ಮೀಟರ್ ಮೇಲೆ. 1000 ಮೀಟರ್ ಏರಲು 35–36 ಸುತ್ತು, ಎಂಟು ನಿಮಿಷದ ಮೇಲೆ ಒಂದಿಷ್ಟು ಸೆಕೆಂಡ್. ಇಷ್ಟಕ್ಕೂ ರೆಕ್ಕೆ ಒಂದು ಸಲವೂ ಬಡಿಯಬೇಕಾಗಿಲ್ಲ. ಕೆಳಗೆ ನಿಂತು ನೋಡುವವರಿಗೆ ಇದೇ ಆ ಸೋಮಾರಿ ಸುತ್ತಾಟ.

ಏರಿದ ಎತ್ತರವನ್ನು ಹಕ್ಕಿ ಆಮೇಲೆ ದೂರವಾಗಿ ಖರ್ಚು ಮಾಡುತ್ತದೆ. ಒಳ್ಳೆಯ ರಣಹದ್ದು 1 ಮೀಟರ್ ಇಳಿಯುವಷ್ಟರಲ್ಲಿ 15 ಮೀಟರಿನಷ್ಟು ಮುಂದೆ ತೇಲಬಲ್ಲದು. 800 ಮೀಟರ್ ಇಳಿದರೆ 12 ಕಿಲೋಮೀಟರ್ ದಾರಿ ಸಾಗಿತು, ಎದುರುಗಾಳಿ ಇಲ್ಲದಿದ್ದರೆ. ಅಷ್ಟರಲ್ಲಿ ಇನ್ನೊಂದು ಥರ್ಮಲ್ ಹುಡುಕಿಕೊಳ್ಳಬೇಕು. ದಕ್ಷಿಣ ಅಮೆರಿಕದ ಆಂಡಿಯನ್ ಕಾಂಡರ್ ಎಂಬ ಭಾರಿ ರಣಹದ್ದುಗಳಿಗೆ ಉಪಕರಣ ಕಟ್ಟಿ ಅಳೆದ ಅಧ್ಯಯನವೊಂದು 2020ರಲ್ಲಿ ಬಂತು. ಹಾರಾಟದ ಹೊತ್ತಿನಲ್ಲಿ ಅವು ರೆಕ್ಕೆ ಬಡಿದದ್ದು ಶೇಕಡಾ 1ರಷ್ಟು ಮಾತ್ರ. ಬಡಿದದ್ದರಲ್ಲೂ ಹೆಚ್ಚಿನದು ನೆಲ ಬಿಟ್ಟು ಏಳುವಾಗ. ಒಂದು ಕಾಂಡರ್ ಅಂತೂ ಐದು ಗಂಟೆಗೂ ಹೆಚ್ಚು ಹೊತ್ತು, 172 ಕಿಲೋಮೀಟರ್, ಬಡಿಯದೆಯೇ ಹೋಗಿತ್ತು. ಹತ್ತು–ಹದಿನೈದು ಕಿಲೋ ತೂಗುವ ಹಕ್ಕಿಗೆ ರೆಕ್ಕೆ ಬಡಿಯುವುದು ದುಬಾರಿ ಬಾಬತ್ತು.

ಥರ್ಮಲ್ ಹಿಡಿಯುವುದು ಸುಲಭ ಅಂತಲ್ಲ. ಗಾಳಿ ಬೀಸಿದರೆ ಕಂಬ ವಾಲುತ್ತದೆ. ಹಾಗಾಗಿ ಸುತ್ತು ಸರಿಯಾಗಿ ಒಂದೇ ಜಾಗದ ಮೇಲೆ ಇರದೆ, ಗಾಳಿ ಹೋಗುವ ಕಡೆಗೆ ಮೆಲ್ಲಗೆ ಸರಿಯುತ್ತದೆ. ಒಂದು ಮರದ ತುದಿಯನ್ನೋ ಬೆಟ್ಟದ ಅಂಚನ್ನೋ ಗುರುತಿಟ್ಟುಕೊಂಡು ನೋಡಿದರೆ ಇದು ಗೊತ್ತಾಗುತ್ತದೆ. ಹಕ್ಕಿ ಪ್ರತಿ ಸುತ್ತನ್ನೂ ಚೂರು ಚೂರು ತಿದ್ದುತ್ತಿರಬೇಕು. ಎತ್ತುವ ಬಲ ಕಡಿಮೆಯಾದ ಕಡೆಯಿಂದ ಹೊರಳಿ ಜಾಸ್ತಿ ಇರುವ ಕಡೆಗೆ ಸರಿಯಬೇಕು. ಇಸ್ರೇಲಿನಲ್ಲಿ ಗ್ರಿಫನ್ ರಣಹದ್ದುಗಳ ಮೇಲೆ ನಡೆದ ಅಧ್ಯಯನದಲ್ಲಿ, ಗಾಳಿಗೆ ಕಂಬ ಸರಿಯುವಾಗ ಮರಿಹದ್ದುಗಳಿಗಿಂತ ದೊಡ್ಡವು ಚೆನ್ನಾಗಿ ಏರಿದ್ದು ಕಂಡುಬಂತು. ಗ್ಲೈಡರ್ ಪೈಲಟ್‌ಗಳೂ ಇದೇ ಕಸರತ್ತು ಮಾಡುತ್ತಾರೆ. ಆದರೆ ಅವರ ಮುಂದೆ ವೇರಿಯೋಮೀಟರ್ ಇರುತ್ತದೆ, ಸೆಕೆಂಡಿಗೆ ಎಷ್ಟು ಮೀಟರ್ ಏರುತ್ತಿದ್ದೇವೆ ಅಂತ ಅದು ಹೇಳುತ್ತದೆ. ಅದಿದ್ದೂ ದೂರದಲ್ಲಿ ಹದ್ದು ಸುತ್ತುವುದು ಕಂಡರೆ ಅವರು ಅತ್ತಲೇ ಹೊರಳುತ್ತಾರೆ. ಹದ್ದುಗಳೂ ಹಾಗೆಯೇ, ಒಂದು ಏರುತ್ತಿದ್ದರೆ ಉಳಿದವು ಅಲ್ಲಿಗೇ ಬಂದು ಸೇರುತ್ತವೆ. ಒಂದೇ ಕಡೆ ಹಿಂಡು ಕಾಣುವುದು ಇದರಿಂದಲೂ ಹೌದು.

ಬಿಸಿಲು ಇಲ್ಲದಿದ್ದರೆ ಈ ಆಟ ನಡೆಯದು. ಬೆಳಿಗ್ಗೆ ನೆಲ ಕಾಯುವವರೆಗೂ ರಣಹದ್ದುಗಳು ಸುಮ್ನೆ ಕೂತಿರುತ್ತವೆ, ಮಳೆ ಹಿಡಿದ ದಿನ ಹೆಚ್ಚಾಗಿ ಏಳುವುದೇ ಇಲ್ಲ. ಬೆಟ್ಟದ ಸಾಲಿಗೆ ಗಾಳಿ ಬಡಿದು ಮೇಲೇಳುವ ಕಡೆ ಮಾತ್ರ ಥರ್ಮಲ್ ಇಲ್ಲದೆಯೂ ತೇಲಬಹುದು. ಅಲ್ಲಿ ಅವು ಸುತ್ತುವುದು ಕಡಿಮೆ, ಇಳಿಜಾರಿನ ಉದ್ದಕ್ಕೂ ಆಚೀಚೆ ಓಡಾಡುವುದೇ ಹೆಚ್ಚು.

ಹಾಗಂತ ಸುತ್ತಾಟಕ್ಕೂ ಊಟಕ್ಕೂ ಸಂಬಂಧವೇ ಇಲ್ಲ ಅನ್ನುವಂತಿಲ್ಲ. ಎತ್ತರದಿಂದ ಅವು ನೆಲವನ್ನೂ ನೋಡುತ್ತಿರುತ್ತವೆ, ದೂರದಲ್ಲಿರುವ ಬೇರೆ ಹದ್ದುಗಳನ್ನೂ ನೋಡುತ್ತಿರುತ್ತವೆ. ಏಷ್ಯಾ, ಆಫ್ರಿಕಾ, ಯುರೋಪಿನ ರಣಹದ್ದುಗಳು ಆಹಾರ ಹುಡುಕುವುದು ಮುಖ್ಯವಾಗಿ ಕಣ್ಣಿನಿಂದ. ಅಮೆರಿಕದ ಟರ್ಕಿ ರಣಹದ್ದಿಗೆ ವಾಸನೆಯೂ ಚೆನ್ನಾಗಿ ಹಿಡಿಯುತ್ತದೆ, ಅದರ ಕಥೆ ಬೇರೆ.

ಏರುತ್ತಿದೆಯೋ ಊಟ ಕಂಡಿದೆಯೋ ಅನ್ನುವುದನ್ನು ಕೆಳಗಿನಿಂದಲೇ ಊಹಿಸಬಹುದು. ಐದು ನಿಮಿಷ ನೋಡಿ. ಸುತ್ತಿನಿಂದ ಸುತ್ತಿಗೆ ಹಕ್ಕಿ ಚಿಕ್ಕದಾಗುತ್ತಾ ಹೋಗಿ, ಆಮೇಲೆ ಸುತ್ತು ಬಿಟ್ಟು ಒಂದು ದಿಕ್ಕಿಗೆ ನೆಟ್ಟಗೆ ಜಾರಿಕೊಂಡು ಹೋಯಿತಾ? ಅದು ಮುಂದಿನ ಪ್ರಯಾಣಕ್ಕೆ ಎತ್ತರ ಗಳಿಸುತ್ತಿತ್ತು. ಅದರ ಬದಲು ಸುತ್ತು ತಗ್ಗಿಗೆ ಇಳಿಯುತ್ತಿದ್ದು, ಕಾಲು ಕೆಳಗೆ ಬಿಟ್ಟುಕೊಂಡಿದ್ದು, ಬೇರೆ ಬೇರೆ ದಿಕ್ಕಿನಿಂದ ಇನ್ನಷ್ಟು ಹದ್ದುಗಳು ನೇರವಾಗಿ ಅಲ್ಲಿಗೇ ಧಾವಿಸುತ್ತಿದ್ದರೆ ಮಾತ್ರ ಕೆಳಗೆ ಊಟ ಸಿಕ್ಕಿದೆ ಅಂತ ತಿಳಿಯಬಹುದು.